ಕೂಲರ್ ಫ್ಯಾನ್ ತಿರುಗುತ್ತೆ, ತಂಪು ಮಾತ್ರ ಇಲ್ಲ: ಪಂಪ್, ಬೆಲ್ಟ್ ಹೀಗೆ ನೋಡಿ

ನೆಮ್ಮಾರಿನ ನಮ್ಮ ಚಿಪ್ಪಣಬೆ ಶೆಡ್ಡಿಗೆ ಬೇಸಿಗೆಯಲ್ಲಿ ಬೆಲ್ಟ್ ಇರುವ ದೊಡ್ಡ ಡೆಸರ್ಟ್ ಕೂಲರ್ ಆಸರೆ. ಕಳೆದ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಫ್ಯಾನ್ ಓಡ್ತಾ ಇತ್ತು, ಆದರೂ ಥರ್ಮಾಮೀಟರ್ 33 ಡಿಗ್ರಿ ತೋರಿಸ್ತಿತ್ತು. ಅಣಬೆ ಅಂಚು ಒಣಗೋಕೆ ಶುರುವಾಗಿತ್ತು. ಮೆಕ್ಯಾನಿಕ್ ಬರೋದು ಎರಡು ದಿನ ಆಗುತ್ತೆ ಅಂದರು. ನಾನೇ ಬಿಚ್ಚಿದೆ.

ಮೊದಲು ಪ್ಲಗ್ ಕಿತ್ತು ಪ್ಯಾಡ್ ಮುಟ್ಟಿ ನೋಡಿ. ಒಣಗಿದ್ದರೆ ದೋಷ ನೀರಿನ ಕಡೆ. ಒದ್ದೆಯಾಗಿದ್ದೂ ಗಾಳಿ ಕಮ್ಮಿ ಇದ್ದರೆ ದೋಷ ಗಾಳಿಯ ಕಡೆ. ನಮ್ಮಲ್ಲಿ ಎರಡೂ ಇತ್ತು.

ನೀರಿನ ಕಡೆ: ತೊಟ್ಟಿಯಲ್ಲಿ ಪಂಪ್ ಮುಳುಗುವಷ್ಟು ನೀರಿದೆಯಾ ನೋಡಿ. ಆಮೇಲೆ ಪಂಪ್ ಎತ್ತಿ ಜಾಲರಿ ತೊಳೆಯಿರಿ. ನಮ್ಮದರಲ್ಲಿ ಒರತೆ ನೀರಿನ ಕೆಂಪು ಕೆಸರು, ಅಡಿಕೆ ಸಿಪ್ಪೆಯ ನಾರು ಸೇರಿ ಮುಚ್ಚಿಹೋಗಿತ್ತು. ಒಳಗಿನ ಸಣ್ಣ ಚಕ್ರ ಕಡ್ಡಿಯಿಂದ ತಳ್ಳಿದರೆ ಸರಾಗ ತಿರುಗಬೇಕು. ನಂತರ ಮೇಲಿನ ಪೈಪ್ ಕಳಚಿ, ಪಂಪನ್ನು ಬಕೆಟ್ ನೀರಿನಲ್ಲಿಟ್ಟು ಪ್ಲಗ್ ಹಾಕಿ. ಆಗ ಕೈ ನೀರಿಗೆ ಹಾಕಲೇಬೇಡಿ. ಬಾಯಿಂದ ನೀರು ಚಿಮ್ಮಿದರೆ ಪಂಪ್ ಸರಿಯಿದೆ. ಮೇಲಿನ ಪೈಪಿನ ತೂತು ಮುಚ್ಚಿದೆ ಅಂತ ಅರ್ಥ. ತೂತುಗಳನ್ನು ತೆಳು ತಂತಿಯಿಂದ ಚುಚ್ಚಿ ತೆಗೆಯಿರಿ. ಚಕ್ರ ಸರಾಗವಿದ್ದೂ, ಪ್ಲಗ್ ಪಾಯಿಂಟಿನಲ್ಲಿ ಕರೆಂಟ್ ಇದ್ದೂ ಪಂಪ್ ಓಡದಿದ್ದರೆ ಹೊಸದು ಹಾಕೋದೇ ಸರಿ.

ಗಾಳಿಯ ಕಡೆ: ನೀರು ಬಂತು, ಗಾಳಿ ಬರಲಿಲ್ಲ. ಪ್ಯಾಡನ್ನು ಬೆಳಕಿಗೆ ಹಿಡಿದೆ, ಬೆಳಕು ಹಾಯ್ತಿತ್ತು. ಹಾಗಾದರೆ ಪ್ಯಾಡ್ ಕಟ್ಟಿಲ್ಲ. ಪ್ಲಗ್ ಕಿತ್ತೇ ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿಂದ ಒತ್ತಿದೆ. ಅರ್ಧದಿಂದ ಮುಕ್ಕಾಲು ಇಂಚು ಬಗ್ಗಿದರೆ ಸಾಕು, ಇದು ಎರಡು ಇಂಚು ಬಗ್ಗಿತು. ಮೋಟಾರ್ ತಿರುಗ್ತಿದೆ, ಬೆಲ್ಟ್ ಜಾರ್ತಿದೆ, ಹಾಗಾಗಿ ಫ್ಯಾನ್ ನಿಧಾನ. ಶುರುವಾಗುವಾಗ ಕೀರಲು ಸದ್ದು, ರಬ್ಬರ್ ಸುಟ್ಟ ವಾಸನೆ ಇದರ ಗುರುತು.

ಮೋಟಾರ್ ಬೋಲ್ಟ್ ಸಡಿಲಿಸಿ, ಮೋಟಾರನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿದೆ. ಅತಿ ಬಿಗಿ ಬೇಡ, ಬೇರಿಂಗ್ ಹಾಳಾಗುತ್ತೆ. ಎರಡೂ ಪುಲ್ಲಿ ಒಂದೇ ಗೆರೆಯಲ್ಲಿವೆಯಾ ಅಂತ ನೇರ ಪಟ್ಟಿ ಇಟ್ಟು ನೋಡಿ. ಬೆಲ್ಟ್ ಬಿರುಕು ಬಿಟ್ಟಿದ್ದರೆ ಅದರ ಬೆನ್ನ ಮೇಲಿನ ನಂಬರ್ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಬೆಲ್ಟ್ ಇಲ್ಲದ ಚಿಕ್ಕ ಕೂಲರಿನಲ್ಲಿ ಫ್ಯಾನ್ ನಿಧಾನವಾದರೆ ಕೆಪಾಸಿಟರ್ ಪರೀಕ್ಷಿಸಲು ಎಲೆಕ್ಟ್ರಿಷಿಯನ್ ಕರೆಯಿರಿ, ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತೆ.

ಸಂಜೆಗೆ ಶೆಡ್ 27ಕ್ಕೆ ಇಳಿಯಿತು. ಒಂದು ಮಾತು ನೆನಪಿರಲಿ: ಕೂಲರ್ ತಂಪು ಮಾಡೋದು ನೀರು ಆವಿಯಾದರೆ ಮಾತ್ರ. ನಮ್ಮ ಮಳೆಗಾಲದಲ್ಲಿ ಗಾಳಿಯೇ ತೇವ ತುಂಬಿರುತ್ತೆ. ಆಗ ಎಲ್ಲ ಸರಿಯಿದ್ದರೂ ಉಷ್ಣತೆ ಹೆಚ್ಚು ಇಳಿಯಲ್ಲ. ಪಂಪ್ ಬಿಚ್ಚಿ ಸುಸ್ತಾಗಬೇಡಿ.