ಗೀಸರ್ ಸ್ವಿಚ್ ಬಿಸಿಯಾದರೂ ಎಂಸಿಬಿ ಏಕೆ ಬೀಳುವುದಿಲ್ಲ?

ಬಚ್ಚಲುಮನೆಯ ಹೊರಗಿನ ಗೀಸರ್ ಸ್ವಿಚ್ ಮುಟ್ಟಿದರೆ ಬಿಸಿ. ಬಿಳಿ ಪ್ಲೇಟಿನ ಒಂದು ಅಂಚು ಹಳದಿಯಾಗಿದೆ. ‘ಏನಾದರೂ ಆಗಿದ್ದರೆ ಎಂಸಿಬಿ ಬೀಳುತ್ತಿತ್ತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಎಡವುವುದೇ ಇಲ್ಲಿ.

ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿದಾಗ. ಸ್ವಿಚ್ಚಿನೊಳಗೆ ವೈರ್ ಸಡಿಲವಾದರೆ ಕರೆಂಟ್ ಹೆಚ್ಚುವುದಿಲ್ಲ, ತುಸು ಕಡಿಮೆಯೇ ಆಗುತ್ತದೆ. ನೆಲಕ್ಕೆ ಸೋರಿಕೆಯೂ ಇಲ್ಲದ್ದರಿಂದ ಆರ್‌ಸಿಸಿಬಿಗೂ ಸುಳಿವು ಸಿಗುವುದಿಲ್ಲ. ಬಿಸಿಯೆಲ್ಲ ಆ ಒಂದು ತಿರುಪಿನ ಬುಡದಲ್ಲೇ.

2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಡಿಲ ಟರ್ಮಿನಲ್ ಬರೀ 0.1 ಓಮ್ ತಡೆ ಒಡ್ಡಿತೆನ್ನಿ, ಅಲ್ಲಿ ಏಳೂವರೆ ವ್ಯಾಟಿನಷ್ಟು ಶಾಖ ಹುಟ್ಟುತ್ತದೆ, ಅದೂ ಅಕ್ಕಿಕಾಳಿನಷ್ಟು ಜಾಗದಲ್ಲಿ. 9 ವ್ಯಾಟ್ ಎಲ್‌ಇಡಿ ಬಲ್ಬಿನ ಸ್ವಿಚ್ಚಿನಲ್ಲಿ ಇದೇ ದೋಷವಿದ್ದರೆ ಬಿಸಿ ಗೊತ್ತೇ ಆಗುವುದಿಲ್ಲ. ಬಲ್ಬು ಮಿಣುಕಬಹುದು, ಚಿರ್ ಎಂದು ಸದ್ದು ಬರಬಹುದು.

ಸಡಿಲವಾಗುವುದು ಹೇಗೆ? ಎಷ್ಟೋ ಸಲ ಮೊದಲ ದಿನವೇ ತಿರುಪು ಪೂರ್ತಿ ಬಿಗಿದಿರುವುದಿಲ್ಲ, ಅಥವಾ ಎಳೆಗಳಲ್ಲಿ ಕೆಲವು ತುಂಡಾಗಿರುತ್ತವೆ. ಬಿಗಿದಿದ್ದರೂ ದಿನವೂ ಕಾದು ತಣಿಯುವಾಗ ತಾಮ್ರ ಹಿಗ್ಗಿ ಕುಗ್ಗುತ್ತದೆ, ತಿರುಪಿನ ಒತ್ತಡಕ್ಕೆ ಎಳೆಗಳು ಚಪ್ಪಟೆಯಾಗಿ ಹಿಡಿತ ಇಳಿಯುತ್ತದೆ. ಬಿಸಿಗೆ ತಾಮ್ರದ ಮೇಲೆ ಕಪ್ಪು ಪದರ ಕಟ್ಟುತ್ತದೆ, ಅದರಿಂದ ತಡೆ ಏರಿ ಬಿಸಿ ಇನ್ನೂ ಹೆಚ್ಚುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವ ರೋಗವಲ್ಲ ಇದು. ಹಳೇ ಮನೆಗಳ ಅಲ್ಯೂಮಿನಿಯಂ ವೈರಿನಲ್ಲಿ ಇನ್ನೂ ಬೇಗ.

ಎಲ್ಲ ಅಲ್ಲಾಟವೂ ಅಪಾಯವಲ್ಲ. ಪ್ಲೇಟಿನ ಹೊರತಿರುಪು ಸಡಿಲಗೊಂಡು ಬೋರ್ಡು ಅಲುಗಿದರೆ ಮೇನ್ ಆಫ್ ಮಾಡಿ ಅದನ್ನು ಬಿಗಿಯಬಹುದು. ಆದರೆ ಹಾಗೆ ತಿಂಗಳುಗಟ್ಟಲೆ ಅಲುಗಿದ ಬೋರ್ಡು ಒಳಗಿನ ವೈರನ್ನೂ ಎಳೆದಿರುತ್ತದೆ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ತುಸು ಬೆಚ್ಚಗಿರುವುದು ಸಹಜ. ಗೀಸರ್ ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಉಗುರುಬೆಚ್ಚಗಾದರೂ ಚಿಂತೆಯಿಲ್ಲ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿ, ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ ವಾಸನೆ, ಚಟಪಟ ಸದ್ದು, ಇವುಗಳಲ್ಲಿ ಒಂದು ಕಂಡರೂ ಮುಂದೆ ಬಳಸಬೇಡಿ. ಆ ಸ್ವಿಚ್ಚನ್ನು ಮುಟ್ಟದೆ ನೇರ ಎಂಸಿಬಿಯನ್ನೇ ಕೆಳಗಿಳಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳುಹಿಸಿ. ಸ್ವಿಚ್ ಆಫ್ ಇದ್ದರೂ ಅದರ ಒಂದು ಟರ್ಮಿನಲ್ಲಿನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಹಾಗಾಗಿ ಬೋರ್ಡು ಬಿಚ್ಚಿ ನೋಡುವ ಸಾಹಸ ಬೇಡ.

ಬಂದವರು ತಿರುಪು ಬಿಗಿದು ಹೊರಟರೆ ತಡೆಯಿರಿ. ಕಾದು ಬೆಂದ ಸ್ವಿಚ್ಚಿನ ಸ್ಪ್ರಿಂಗ್ ಬಿಗಿ ಕಳೆದುಕೊಂಡಿರುತ್ತದೆ, ಅದನ್ನು ಬದಲಾಯಿಸಲೇಬೇಕು. ಗೀಸರಿಗೆ 16 ಆಂಪಿಯರ್ ಸ್ವಿಚ್ಚೇ ಆಗಬೇಕು. ಕಪ್ಪಾದ ವೈರಿನ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಜೋಡಿಸಲಿ. ಪಕ್ಕದ ಸಾಕೆಟ್ಟನ್ನೂ ನೋಡಿಸಿ, ಎಷ್ಟೋ ಸಲ ಬಿಸಿಯ ಮೂಲ ಅಲ್ಲಿರುತ್ತದೆ. ಕೆಲಸ ಮುಗಿದ ಮೇಲೆ ಅವರು ಇರುವಾಗಲೇ ಗೀಸರ್ ಅರ್ಧ ಗಂಟೆ ಹಾಕಿ, ಒಣಗಿದ ಕೈಯಿಂದ ಪ್ಲೇಟ್ ಮುಟ್ಟಿ ನೋಡಿ.