ಹಳೆಯ ಕಂಪನಿ ಮುಚ್ಚಿದೆಯೇ? ಅನುಭವ ಪತ್ರವಿಲ್ಲದಿದ್ದರೆ ಹೀಗೆ ಬರೆಯಿರಿ

ಪುಣೆಯಲ್ಲಿ ಹೊಸ ಕೆಲಸ ಸಿಕ್ಕಿದೆ, ಆದರೆ ಅನುಭವ ಪತ್ರ ಕೊಡಬೇಕಾದ ಹಳೆಯ ಕಂಪನಿಯೇ ಮುಚ್ಚಿಹೋಗಿದೆ ಎಂದಿಟ್ಟುಕೊಳ್ಳಿ. ದಾಖಲೆ ಪರಿಶೀಲನೆ ಶುರುವಾಗುವ ಮೊದಲೇ ನೇಮಕಾತಿ ಅಧಿಕಾರಿಗೆ ಇಮೇಲ್ ಕಳುಹಿಸಿ.

‘2019ರ ಜೂನ್‌ನಿಂದ 2021ರ ಮಾರ್ಚ್‌ವರೆಗೆ ನಾನು ಕೆಲಸ ಮಾಡಿದ ಕಂಪನಿ ಈಗ ಮುಚ್ಚಿದೆ. ಅನುಭವ ಪತ್ರದ ಬದಲು ಪಿಎಫ್ ಸೇವಾ ವಿವರ, ಫಾರ್ಮ್ 16, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಬೇರೇನಾದರೂ ಬೇಕಿದ್ದರೆ ತಿಳಿಸಿ’ ಎಂದು ಬರೆದರೆ ಸಾಕು.

ಅದಕ್ಕೂ ಮುನ್ನ ಇಪಿಎಫ್‌ಒ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಇದೆಯೇ ನೋಡಿಕೊಳ್ಳಿ. ಕಂಪನಿ ಅದನ್ನು ತುಂಬದಿದ್ದರೆ ನೀವು ಇನ್ನೂ ಅಲ್ಲೇ ಕೆಲಸದಲ್ಲಿರುವಂತೆ ಕಾಣುತ್ತದೆ. ಕೊನೆಯ ಪಿಎಫ್ ಕಂತಿನ ನಂತರ ಎರಡು ತಿಂಗಳು ಕಳೆದಿದ್ದರೆ Manage ವಿಭಾಗದ Mark Exit ಮೂಲಕ ಉದ್ಯೋಗಿಯೇ ದಿನಾಂಕ ತುಂಬಬಹುದು. ಅದು ಕೊನೆಯ ಕಂತಿನ ತಿಂಗಳಿನದೇ ಆಗಿರಬೇಕು, ಇಮೇಲ್‌ನಲ್ಲಿ ಬರೆದ ದಿನಾಂಕಕ್ಕೂ ತಾಳೆಯಾಗಬೇಕು.