ಗೂಗಲ್ ಒನ್ ಬಿಡುವ ಮುನ್ನ

ಗೂಗಲ್ ಒನ್ ಚಂದಾ ರದ್ದು ಮಾಡುವುದು ಬೇರೆ, ಖಾತೆ ಅಳಿಸುವುದು ಬೇರೆ. ಚಂದಾ ಅವಧಿ ಮುಗಿದ ಮೇಲೆ ಉಚಿತ 15 ಜಿಬಿ ಮಾತ್ರ ಉಳಿಯುತ್ತದೆ. ಸಂಗ್ರಹ ಅದನ್ನು ಮೀರಿದ್ದರೆ ಜಿಮೇಲ್‌ಗೆ ಹೊಸ ಪತ್ರಗಳೂ ಬರುವುದಿಲ್ಲ. ಖಾತೆಯನ್ನೇ ಅಳಿಸಿದರೆ ಫೋಟೊ, ಕಡತ, ಜಿಮೇಲ್ ಎಲ್ಲವೂ ಹೋಗುತ್ತವೆ.

ಹಾಗಾಗಿ ಮೊದಲ ಕೆಲಸ takeout.google.com ತಾಣದಲ್ಲಿ. 60 ಜಿಬಿ ಫೋಟೊ ಇದ್ದು, ಜಿಪ್ ಗಾತ್ರ 10 ಜಿಬಿ ಎಂದು ಆರಿಸಿದರೆ ಆರೇಳು ತುಂಡುಗಳು ಸಿದ್ಧವಾಗುತ್ತವೆ. ಲಿಂಕ್‌ನ ಆಯುಷ್ಯ ಸುಮಾರು ಒಂದು ವಾರ. ಪ್ರತಿ ಜಿಪ್ಪನ್ನೂ ಬಿಚ್ಚಿ ನೋಡಲೇಬೇಕು: ಅರ್ಧಕ್ಕೆ ನಿಂತ ಡೌನ್‌ಲೋಡ್ ಬಯಲಾಗುವುದು ಆಗಲೇ. ಬೇರೆಯವರು ಡ್ರೈವ್‌ನಲ್ಲಿ ಹಂಚಿಕೊಂಡ ಕಡತಗಳನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳುವುದು ಲೇಸು. ಬಳಿಕ ಬ್ಯಾಂಕಿನಲ್ಲಿ ಕೊಟ್ಟ ಇಮೇಲ್ ಬದಲಿಸಿ, ಚಂದಾ ರದ್ದುಪಡಿಸಿ, ಎಲ್ಲಕ್ಕಿಂತ ಕೊನೆಗೆ ಖಾತೆ ಅಳಿಸಬೇಕು.